ನಡುಕಡಲಿನ ನೆಟ್‌ವರ್ಕ್, ದಡದಲ್ಲಿ ಬಿಲ್

ದಡದ ಮೊಬೈಲ್ ಟವರ್ ಸಮುದ್ರದ ಮೇಲೆ ಬಹು ದೂರ ತಲುಪುವುದಿಲ್ಲ. ಹಳೆಯ 2ಜಿ ವ್ಯವಸ್ಥೆಯಲ್ಲಿ ಫೋನು ಮತ್ತು ಟವರಿನ ನಡುವಿನ ಸಮಯದ ಲೆಕ್ಕಾಚಾರವೇ ಸಾಮಾನ್ಯವಾಗಿ 35 ಕಿಲೋಮೀಟರಿಗೆ ಮಿತಿ ಹಾಕುತ್ತಿತ್ತು. ಆ ಮಿತಿ ಇಲ್ಲದ ಕಡೆಯೂ ಭೂಮಿಯ ದುಂಡುತನ, ಟವರಿನ ಎತ್ತರ, ಕೈಯಲ್ಲಿರುವ ಫೋನಿನ ಅಲ್ಪ ಶಕ್ತಿ ಇವೆಲ್ಲ ಸೇರಿ ಸಿಗ್ನಲ್ಲನ್ನು ಕುಗ್ಗಿಸುತ್ತವೆ. ಬಂದರು ಬಿಟ್ಟ ಹಡಗಿನಲ್ಲಿ ಒಂದೆರಡು ಗಂಟೆಯೊಳಗೆ ಫೋನು ಮೌನವಾಗುವುದು ಸಹಜ. ಅಂಥ ಹೊತ್ತಿನಲ್ಲಿ ಪರದೆಯ ಮೇಲೆ ಮತ್ತೆ ಪೂರ್ತಿ ಸಿಗ್ನಲ್ ಕಾಣಿಸಿಕೊಂಡರೆ ಅದು ದಡದ ಟವರಿನದಲ್ಲ. ಹಡಗೇ ಒಂದು ಮೊಬೈಲ್ ನೆಟ್‌ವರ್ಕ್ ಆಗಿದೆ ಎಂದು ಅದರ ಅರ್ಥ.

ದೊಡ್ಡ ಪ್ರಯಾಣಿಕ ಹಡಗುಗಳ ಕಾರಿಡಾರು, ಊಟದ ಹಾಲ್, ಕ್ಯಾಬಿನ್ನುಗಳ ಚಾವಣಿಯಲ್ಲಿ ಸಣ್ಣ ಸಣ್ಣ ಆಂಟೆನಾಗಳಿರುತ್ತವೆ. ಉಕ್ಕಿನ ಗೋಡೆಗಳು ರೇಡಿಯೋ ಅಲೆಗಳನ್ನು ತಡೆಯುವುದರಿಂದ ಒಂದೇ ದೊಡ್ಡ ಆಂಟೆನಾ ಸಾಲದು. ಈ ಆಂಟೆನಾಗಳೆಲ್ಲ ಹಡಗಿನೊಳಗಿನ ಒಂದು ಬೇಸ್ ಸ್ಟೇಷನ್ನಿಗೆ ಸೇರುತ್ತವೆ. ಅಲ್ಲಿಂದ ಸಂಪರ್ಕ ಮೇಲ್ತಟ್ಟಿನ ಬಿಳಿ ಗುಮ್ಮಟಕ್ಕೆ ಹೋಗುತ್ತದೆ. ಗುಮ್ಮಟದೊಳಗೆ, ಹಡಗು ಎಷ್ಟು ಓಲಾಡಿದರೂ ಉಪಗ್ರಹದ ಕಡೆಗೇ ಮುಖ ಮಾಡಿಕೊಂಡಿರುವಂತೆ ಮೋಟಾರುಗಳು ತಿರುಗಿಸುತ್ತಿರುವ ಒಂದು ಡಿಶ್ ಇರುತ್ತದೆ. ಬಹುಕಾಲ ಬಳಕೆಯಲ್ಲಿರುವ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಗೆ ಏರಿದ ಸಂಕೇತ ಇನ್ನಾವುದೋ ದೇಶದ ಭೂಕೇಂದ್ರಕ್ಕೆ ಇಳಿದು, ಅಲ್ಲಿಂದ ಕೇಬಲ್ ಹಿಡಿದು ಪ್ರಯಾಣಿಕನ ಸ್ವಂತ ಮೊಬೈಲ್ ಕಂಪನಿಯನ್ನು ಮುಟ್ಟುತ್ತದೆ. ಹೋಗಿ ಬರುವ ಹೊತ್ತಿಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಕಳೆದಿರುತ್ತದೆ. ಹಡಗಿನಿಂದ ಬಂದ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಶುರುಮಾಡುವುದು ಈ ಕಾರಣಕ್ಕೆ.

ಈ ನೆಟ್‌ವರ್ಕನ್ನು ಹಡಗಿನ ಕಂಪನಿ ಸಾಮಾನ್ಯವಾಗಿ ತಾನೇ ನಡೆಸುವುದಿಲ್ಲ. ನಾರ್ವೆಯ ಟೆಲಿನಾರ್ ಮ್ಯಾರಿಟೈಮ್, ಅಮೆರಿಕದ ವೈರ್‌ಲೆಸ್ ಮ್ಯಾರಿಟೈಮ್ ಸರ್ವೀಸಸ್‌ನಂಥ ಸಂಸ್ಥೆಗಳು ಇದನ್ನೇ ವ್ಯಾಪಾರ ಮಾಡಿಕೊಂಡಿವೆ. ಫೋನಿಗೆ ಇವು ಕಾಣುವುದು ಒಂದು ವಿಚಿತ್ರ ವಿಳಾಸದಲ್ಲಿ. ಪ್ರತಿ ಮೊಬೈಲ್ ನೆಟ್‌ವರ್ಕಿಗೂ ದೇಶ ಸೂಚಿಸುವ ಮೂರಂಕಿಯ ಸಂಕೇತವಿದೆ, ಭಾರತದ್ದು 404 ಮತ್ತು 405. ಹಡಗಿನ ನೆಟ್‌ವರ್ಕುಗಳದ್ದು ಬಹುಮಟ್ಟಿಗೆ 901. ಯಾವ ದೇಶಕ್ಕೂ ಸೇರದ ನೆಟ್‌ವರ್ಕುಗಳಿಗೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಎತ್ತಿಟ್ಟ ಸಂಕೇತ ಅದು. ಪರದೆಯಲ್ಲಿ 901-12, 901-18 ಅಥವಾ Cellular@Sea ಎಂದು ಮೂಡಿದರೆ ಫೋನು ಹಡಗಿನ ನೆಟ್‌ವರ್ಕಿಗೆ ಸೇರಿಕೊಂಡಿದೆ ಎಂದು ತಿಳಿಯಬೇಕು. ದೊಡ್ಡ ಬಿಲ್ಲುಗಳ ಕಥೆಯೆಲ್ಲ ಈ 901ರಲ್ಲೇ ಅಡಗಿದೆ. ಉಪಗ್ರಹ ದುಬಾರಿ ಎಂಬುದು ಅರ್ಧ ಮಾತ್ರ ನಿಜ. ಉಳಿದ ಅರ್ಧವೆಂದರೆ, ಹಡಗು ಯಾವ ದೇಶದ ಪಟ್ಟಿಯಲ್ಲೂ ಇಲ್ಲದ ಜಾಗವಾಗಿರುವುದರಿಂದ ಯಾವ ಪ್ಯಾಕೂ, ಯಾವ ದರಮಿತಿಯೂ ತಾನಾಗಿ ಅದಕ್ಕೆ ಅನ್ವಯಿಸುವುದಿಲ್ಲ.

ಫೋನು ಅಲ್ಲಿಗೆ ಸೇರಿಕೊಳ್ಳುವುದು ಯಾರನ್ನೂ ಕೇಳಿ ಅಲ್ಲ. ಮನೆಯ ನೆಟ್‌ವರ್ಕ್ ಕಳೆದುಹೋದ ಕೂಡಲೇ ಅದು ಸುತ್ತಲಿನ ತರಂಗಗಳನ್ನು ಜಾಲಾಡುತ್ತದೆ. ಸಿಮ್ಮಿನಲ್ಲಿ ಬರೆದಿಟ್ಟ ಆದ್ಯತೆಯ ಪಟ್ಟಿ ನೋಡುತ್ತದೆ. ಅದರಲ್ಲಿರುವುದು ಯಾವುದೂ ಸಿಗದಿದ್ದರೆ, ನಿಷೇಧಿತವಲ್ಲದ ಬೇರೆ ನೆಟ್‌ವರ್ಕಿನ ಬಾಗಿಲು ತಟ್ಟುತ್ತದೆ. ಹಡಗಿನ ನೆಟ್‌ವರ್ಕು ಉಪಗ್ರಹದ ಮೂಲಕ ಆ ಸಿಮ್ಮಿನ ಮೂಲ ಕಂಪನಿಯನ್ನು ಕೇಳುತ್ತದೆ: ಈ ಗಿರಾಕಿ ನಿಮ್ಮವರೇ, ಇವರಿಗೆ ಹೊರದೇಶದ ರೋಮಿಂಗ್ ಇದೆಯೇ? ಎರಡೂ ಕಂಪನಿಗಳ ನಡುವೆ ಒಪ್ಪಂದವಿದ್ದು, ಸಿಮ್ಮಿನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ತೆರೆದಿದ್ದರೆ ಕ್ಷಣಾರ್ಧದಲ್ಲಿ ಒಪ್ಪಿಗೆ ಬರುತ್ತದೆ. ಬಳಿಕ ಒಂದು ಸ್ವಾಗತದ ಎಸ್ಸೆಮ್ಮೆಸ್ ಬರುತ್ತದೆ. ದರ ಇರುವುದು ಅದರಲ್ಲೇ. ಓದುವವರು ಕಡಿಮೆ.

ಇಲ್ಲಿಂದ ಮುಂದಿನದು ಬೆಲೆಯ ಮಾತು. ಹಡಗಿನ ನೆಟ್‌ವರ್ಕ್ ತನ್ನ ಸೇವೆಗೆ ಸಗಟು ದರವೊಂದನ್ನು ನಿಗದಿ ಮಾಡಿರುತ್ತದೆ. ಪ್ರಯಾಣಿಕನ ಕಂಪನಿ ಅದರ ಮೇಲೆ ತನ್ನ ಲಾಭ ಸೇರಿಸಿ ಚಿಲ್ಲರೆ ದರ ಮಾಡುತ್ತದೆ. ದಡದಲ್ಲಾದರೆ ಎರಡು ದೇಶಗಳ ಕಂಪನಿಗಳು ಪರಸ್ಪರರ ಗಿರಾಕಿಗಳನ್ನು ನೋಡಿಕೊಳ್ಳುತ್ತವೆ. ನೀ ಇಳಿಸು, ನಾನೂ ಇಳಿಸುತ್ತೇನೆ ಎಂಬ ಚೌಕಾಶಿಗೆ ಅಲ್ಲಿ ಜಾಗವಿದೆ. ಹಡಗಿನ ನೆಟ್‌ವರ್ಕಿಗೆ ಸ್ವಂತ ಗಿರಾಕಿಗಳಿಲ್ಲ, ಬರುವವರೆಲ್ಲ ಬೇರೆಯವರ ಗಿರಾಕಿಗಳೇ. ಹಾಗಾಗಿ ಕೊಡುಕೊಳ್ಳುವಿಕೆಯ ಒತ್ತಡವಿಲ್ಲ. ಜತೆಗೆ ಒಂದು ಹಡಗಿನಲ್ಲಿ ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್ ಇರುತ್ತದೆ, ಪೈಪೋಟಿಗೆ ಎರಡನೆಯದು ಇಲ್ಲ. ಯುರೋಪಿನಲ್ಲಿ 2017ರ ಜೂನ್ 15ರಿಂದ ಒಕ್ಕೂಟದ ಒಳಗೆ ಮನೆಯ ದರದಲ್ಲೇ ರೋಮಿಂಗ್ ಸಿಗುತ್ತಿದೆ. ಆದರೆ ಆ ನಿಯಮ ಇರುವುದು ಭೂಮಿಯ ಮೇಲಿನ ನೆಟ್‌ವರ್ಕುಗಳಿಗೆ. ಇಟಲಿಯಿಂದ ಗ್ರೀಸಿಗೆ ಹೋಗುವ ದೋಣಿಯಲ್ಲಿ ಎರಡೂ ದಡಗಳು ಒಕ್ಕೂಟದೊಳಗೇ ಇದ್ದರೂ ನಡುವಿನ ನೀರಿನಲ್ಲಿ ಹಿಡಿದ ಉಪಗ್ರಹದ ಸಿಗ್ನಲ್ಲಿಗೆ ಆ ದರ ಸಿಗುವುದಿಲ್ಲ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡಬಹುದು. ಮುಂಬೈಯಿಂದ ಕರಾವಳಿಗುಂಟ ಕೊಚ್ಚಿಗೆ ಸಾಗುವ ಕ್ರೂಸ್ ಹಡಗು, ಅದರಲ್ಲಿ ಬೆಂಗಳೂರಿನ ಒಬ್ಬ ಪೋಸ್ಟ್‌ಪೇಯ್ಡ್ ಗಿರಾಕಿ, ಹಡಗಿನಲ್ಲಿ 901 ಸಂಕೇತದ ನೆಟ್‌ವರ್ಕ್ ಎಂದಿಟ್ಟುಕೊಳ್ಳೋಣ. ಹಿಂದೊಮ್ಮೆ ದುಬೈಗೆ ಹೋದಾಗ ತೆರೆಸಿದ್ದ ಅಂತರರಾಷ್ಟ್ರೀಯ ರೋಮಿಂಗ್ ಹಾಗೇ ಇದೆ, ಫೋನಿನಲ್ಲಿ ಡೇಟಾ ರೋಮಿಂಗ್ ಗುಂಡಿಯೂ ಆನ್ ಇದೆ. ಪ್ಯಾಕ್ ಇಲ್ಲದ ದರ 10 ಕೆಬಿಗೆ ₹5 ಎಂದಿರಲಿ. ಓದುವಾಗ ಐದು ರೂಪಾಯಿ ದೊಡ್ಡ ಮೊತ್ತವೆನಿಸುವುದಿಲ್ಲ, ಆದರೆ ಅದು ಒಂದು ಎಂಬಿಗೆ ಸುಮಾರು ₹500. ರಾತ್ರಿ ಊಟಕ್ಕೆ ಹೋಗುವಾಗ ಆತ ಫೋನನ್ನು ಕ್ಯಾಬಿನ್ನಿನಲ್ಲಿ ಚಾರ್ಜಿಗೆ ಇಟ್ಟಿದ್ದಾನೆ. ಆ ಸಂಜೆ ತೆಗೆದ 40 ಫೋಟೋಗಳು, ಒಂದೊಂದು 3 ಎಂಬಿ, ಬ್ಯಾಕಪ್ಪಿಗೆ ಹೊರಡುತ್ತವೆ. ಒಟ್ಟು 120 ಎಂಬಿ, ಅಂದರೆ ₹60,000. ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ 16 ಎಂಬಿಯ ಒಂದು ವಿಡಿಯೋ ತಾನಾಗಿ ಇಳಿದು ₹8,000. ಮೇಲ್, ಹವಾಮಾನ, ಸುದ್ದಿ, ಬ್ಯಾಂಕಿನ ಆ್ಯಪ್‌ಗಳು ಹಿನ್ನೆಲೆಯಲ್ಲಿ ಎಳೆದದ್ದು 10 ಎಂಬಿ, ₹5,000. ಮನೆಯಿಂದ ಬಂದ ಆರು ನಿಮಿಷದ ಕರೆ ನಿಮಿಷಕ್ಕೆ ₹150ರಂತೆ ₹900. ಕರೆ ಮಾಡಿದವರು ಕೊಡುವುದು ಊರಿನ ದರ ಮಾತ್ರ, ಭಾರತದಿಂದ ಹಡಗಿನವರೆಗಿನ ದಾರಿಯ ಖರ್ಚು ಎತ್ತಿದವನ ತಲೆಗೆ. ಮೊತ್ತ ₹73,900. ಶೇ. 18 ಜಿಎಸ್‌ಟಿ ಸೇರಿದರೆ ₹87,202. ಭಾರತದ ಬಂದರಿನಿಂದ ಹೊರಟು ಭಾರತದ ಬಂದರಿಗೇ ಬಂದಿಳಿದವನಿಗೆ ಇದು ವಿದೇಶ ಪ್ರವಾಸದ ಬಿಲ್. ಅಷ್ಟೂ ಡೇಟಾ ಮನೆಯಲ್ಲಾಗಿದ್ದರೆ ದಿನದ 2 ಜಿಬಿ ಮಿತಿಯ ಹತ್ತನೇ ಒಂದು ಭಾಗವೂ ಆಗುತ್ತಿರಲಿಲ್ಲ.

ಸಂಪರ್ಕ ನಿಧಾನವಾಗಿದೆ, ಏನೂ ಆಗಲಾರದು ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸೆಕೆಂಡಿಗೆ 200 ಕಿಲೋಬಿಟ್ ವೇಗದಲ್ಲೂ ಆ 120 ಎಂಬಿ 80 ನಿಮಿಷದಲ್ಲಿ ಹೋಗಿಬಿಡುತ್ತದೆ, ಊಟ ಮುಗಿಸಿ ಬರುವಷ್ಟು ಹೊತ್ತು. ನಿಧಾನಗತಿಗೆ ಇನ್ನೊಂದು ಕೇಡೂ ಇದೆ. ನಡುವೆ ಕಡಿದುಹೋದ ಫೈಲನ್ನು ಕೆಲವು ಆ್ಯಪ್‌ಗಳು ಮೊದಲಿನಿಂದ ಮತ್ತೆ ಕಳಿಸುತ್ತವೆ. ಬಿಲ್ ಬರುವುದು ತಲುಪಿದ ಫೋಟೋಗಲ್ಲ, ಹರಿದ ಡೇಟಾಕ್ಕೆ.

ಕರೆಗಳಲ್ಲಿ ಇನ್ನೂ ಒಂದು ಕಣ್ಣಿಗೆ ಬೀಳದ ತೂತಿದೆ. ಎತ್ತದಿದ್ದರೆ ಬೇರೊಂದು ನಂಬರಿಗೆ ಹೋಗಲಿ ಎಂದು ಫಾರ್ವರ್ಡಿಂಗ್ ಹಾಕಿಟ್ಟಿದ್ದರೆ, ಫೋನು ಹಡಗಿನ ನೆಟ್‌ವರ್ಕಿನಲ್ಲಿ ನೋಂದಾಯಿತವಾಗಿರುವುದರಿಂದ ಕರೆ ಮೊದಲು ಅಲ್ಲಿಗೆ ಹೋಗುತ್ತದೆ. ಅಲ್ಲಿ ರಿಂಗಾಗಿ, ಯಾರೂ ಎತ್ತದೆ, ಮತ್ತೆ ಭಾರತದ ಆ ನಂಬರಿಗೆ ಮರಳುತ್ತದೆ. ಹೋಗುವ ದಾರಿಗೊಂದು ದರ, ಮರಳುವ ದಾರಿಗೊಂದು ದರ ಬೀಳಬಹುದು, ಗಿರಾಕಿ ಒಂದು ಮಾತೂ ಆಡದೆ. ಹಡಗು ಹತ್ತುವ ಮುಂಚೆ ದಡದಲ್ಲೇ ##002# ಒತ್ತಿ ಎಲ್ಲ ಫಾರ್ವರ್ಡಿಂಗ್ ರದ್ದು ಮಾಡಿದರೆ ಈ ತೂತು ಮುಚ್ಚುತ್ತದೆ. ಡೇಟಾ ರೋಮಿಂಗ್ ಆಫ್ ಮಾಡಿದ ಮಾತ್ರಕ್ಕೆ ಮುಚ್ಚುವುದಿಲ್ಲ, ಏಕೆಂದರೆ ಆ ಗುಂಡಿ ಡೇಟಾವನ್ನಷ್ಟೇ ತಡೆಯುತ್ತದೆ, ಕರೆ ಮತ್ತು ಎಸ್ಸೆಮ್ಮೆಸ್‌ಗಾಗಿ ಫೋನು ನೋಂದಣಿಯಾಗುವುದನ್ನಲ್ಲ.

ಇಷ್ಟೆಲ್ಲ ನಡೆಯುವಾಗ ಮನೆಯ ಕಂಪನಿಗೆ ಗೊತ್ತಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಉತ್ತರ ಕರೆಗೆ ಒಂದು, ಡೇಟಾಕ್ಕೆ ಇನ್ನೊಂದು. ಕರೆಯ ದಾಖಲೆ ಹುಟ್ಟುವುದು ಹಡಗಿನ ನೆಟ್‌ವರ್ಕಿನಲ್ಲಿ. ಅದು ಟ್ಯಾಪ್ ಎಂಬ ರೂಪದ ಕಡತದಲ್ಲಿ ಸೇರಿ, ಲೆಕ್ಕ ಚುಕ್ತಾ ಮಾಡುವ ಮಧ್ಯವರ್ತಿ ಸಂಸ್ಥೆಯ ಮೂಲಕ ಬರುತ್ತದೆ. ಮೊತ್ತವನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್‌ಡಿಆರ್ ಎಂಬ ಲೆಕ್ಕದ ಏಕಮಾನದಲ್ಲಿ ಬರೆಯುವ ರೂಢಿಯೂ ಇದೆ. ಈ ಕಡತ ಬರಲು ದಿನಗಳೇ ಹಿಡಿಯಬಹುದು. ವಂಚನೆ ಪತ್ತೆಗೆಂದು ಮೊಬೈಲ್ ಉದ್ಯಮವೇ ಮಾಡಿಕೊಂಡ ಇನ್ನೊಂದು ಏರ್ಪಾಟಿನಲ್ಲಿ ಸುಮಾರು ನಾಲ್ಕು ಗಂಟೆಯೊಳಗೆ ಸಂಕ್ಷಿಪ್ತ ದಾಖಲೆ ಬರಬೇಕು. 

ಡೇಟಾದ ವಿಷಯ ಬೇರೆ. ರೋಮಿಂಗಿನಲ್ಲಿ ಡೇಟಾ ಸಾಮಾನ್ಯವಾಗಿ ಹಡಗಿನಿಂದ ನೇರವಾಗಿ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ಗೋಕರ್ಣದ ಎದುರಿನ ಕಡಲಿನಿಂದ ಹೊರಟ ಫೋಟೋ ಉಪಗ್ರಹಕ್ಕೆ ಏರಿ, ದೂರದ ಭೂಕೇಂದ್ರಕ್ಕೆ ಇಳಿದು, ಭಾರತದ ಕಂಪನಿಯ ದ್ವಾರಕ್ಕೆ ಬಂದು, ಅಲ್ಲಿಂದ ಇಂಟರ್ನೆಟ್ ಸೇರುತ್ತದೆ. ಪ್ರತಿ ಕೆಬಿಯೂ ಮನೆಯ ಕಂಪನಿಯ ಕಣ್ಣೆದುರೇ ಹಾದುಹೋಗುತ್ತದೆ. ಹಾಗಾಗಿ ಇಂತಿಷ್ಟು ರೂಪಾಯಿ ದಾಟಿದರೆ ಡೇಟಾ ನಿಲ್ಲಿಸು ಎಂಬ ತಡೆ ಹಾಕಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ಪ್ರೀಪೇಯ್ಡ್ ಗಿರಾಕಿಯ ವಿಷಯದಲ್ಲಿ ಕಂಪನಿಗಳು ಇದನ್ನು ಮಾಡುತ್ತಲೇ ಬಂದಿವೆ: ಬ್ಯಾಲೆನ್ಸ್ ಮುಗಿದರೆ ಸಂಪರ್ಕ ಕಡಿಯುತ್ತದೆ. ಲಕ್ಷದ ಬಿಲ್ ಬರುವುದು ಪೋಸ್ಟ್‌ಪೇಯ್ಡ್‌ನವರಿಗೆ, ಅಂದರೆ ಕಂಪನಿ ಹೆಚ್ಚು ನಂಬಿದವರಿಗೆ.

ದರಕ್ಕೂ ಖರ್ಚಿಗೂ ಎಷ್ಟು ದೂರ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಸಾಕ್ಷಿ. 2008ರ ನವೆಂಬರಿನಲ್ಲಿ ಷಿಕಾಗೊದ ಒಬ್ಬ ಫುಟ್‌ಬಾಲ್ ಅಭಿಮಾನಿ ಮಯಾಮಿ ಬಂದರಿನಲ್ಲಿ ಇನ್ನೂ ಹೊರಡದ ಕ್ರೂಸ್ ಹಡಗಿನಲ್ಲಿ ಕುಳಿತು, ಲ್ಯಾಪ್‌ಟಾಪಿಗೆ ಮೊಬೈಲ್ ಡೇಟಾ ಕಾರ್ಡ್ ಸಿಕ್ಕಿಸಿ, ಮನೆಯ ಟಿವಿಯಿಂದ ಪಂದ್ಯ ನೋಡಿದ. ಹಡಗು ದಡದಲ್ಲೇ ಇದೆ, ಹಾಗಾಗಿ ಇದು ಊರಿನ ನೆಟ್‌ವರ್ಕ್ ಎಂದು ಆತ ನಂಬಿದ್ದ. ಕಾರ್ಡು ಹಿಡಿದದ್ದು ಹಡಗಿನ ನೆಟ್‌ವರ್ಕನ್ನು. ಸುಮಾರು 28 ಸಾವಿರ ಡಾಲರಿನ ಬಿಲ್ ಬಂತು. ವಿಷಯ ಪತ್ರಿಕೆಗೆ ಹೋದ ಮೇಲೆ ಕಂಪನಿ ಅದನ್ನು ಸುಮಾರು 290 ಡಾಲರಿಗೆ ಇಳಿಸಿತು. ನೂರು ಪಾಲಿನಲ್ಲಿ ತೊಂಬತ್ತೊಂಬತ್ತನ್ನು ಬಿಟ್ಟುಕೊಡುವಷ್ಟು ಸಡಿಲವಾದ ಬೆಲೆಯನ್ನು ಉಪಗ್ರಹದ ಖರ್ಚೆಂದು ಒಪ್ಪುವುದು ಕಷ್ಟ.

ದಡದ ಹತ್ತಿರ ಹಡಗಿನ ನೆಟ್‌ವರ್ಕ್ ಬಾಯಿ ಮುಚ್ಚಿಕೊಂಡಿರಬೇಕು ಎಂಬ ನಿಯಮ ಇಂಥ ಪ್ರಸಂಗಗಳಿಗೆ ಮದ್ದು. ಯುರೋಪಿಯನ್ ಒಕ್ಕೂಟದ 2010ರ ನಿರ್ಧಾರದ ಪ್ರಕಾರ ತೀರರೇಖೆಯಿಂದ 2 ನಾಟಿಕಲ್ ಮೈಲಿಯೊಳಗೆ ಹಡಗಿನ 2ಜಿ ವ್ಯವಸ್ಥೆ ಬಂದಾಗಿರಬೇಕು. 2ರಿಂದ 12 ಮೈಲಿಯವರೆಗೆ ಒಳಾಂಗಣದ ಆಂಟೆನಾಗಳನ್ನು ಮಾತ್ರ ಬಳಸಬಹುದು. ಈ ನಿಯಮ ಹುಟ್ಟಿದ್ದು ಮುಖ್ಯವಾಗಿ ದಡದ ಟವರುಗಳಿಗೆ ಅಡಚಣೆಯಾಗದಿರಲೆಂದು. ಡೆಕ್ಕಿನ ಮೇಲೆ ನಿಂತವರಿಗೂ ದಡದಲ್ಲಿ ಅಡ್ಡಾಡುವವರಿಗೂ ಅದರಿಂದ ಆದ ಉಪಕಾರ ಬೋನಸ್. ಬಿಲ್ಲಿನ ಕಡೆಯಿಂದ ಒಕ್ಕೂಟ ಕೈಹಾಕಿದ್ದು ಬೇರೆ ಕಾನೂನಿನಲ್ಲಿ. 2022ರ ಜುಲೈ 1ರಿಂದ ಜಾರಿಗೆ ಬಂದ ರೋಮಿಂಗ್ ನಿಯಮ ಹಡಗು, ವಿಮಾನಗಳ ದರಕ್ಕೆ ಮಿತಿ ಹಾಕಲಿಲ್ಲ. ಆದರೆ ಉಪಗ್ರಹದ ನೆಟ್‌ವರ್ಕಿಗೆ ಸೇರಿದ ಗಿರಾಕಿಗೆ ಎಚ್ಚರಿಕೆ ಕೊಡಬೇಕು, ಖರ್ಚು ತೆರಿಗೆ ಬಿಟ್ಟು 50 ಯೂರೊ ಅಥವಾ ಮೊದಲೇ ಗೊತ್ತುಮಾಡಿದ ಇನ್ನೊಂದು ಮಿತಿ ಮುಟ್ಟಿದರೆ ಸೇವೆ ತಾನಾಗಿ ನಿಲ್ಲಬೇಕು ಎಂದಿತು. ಬೆಲೆಯನ್ನು ಹಾಗೇ ಬಿಟ್ಟು ನಷ್ಟಕ್ಕೆ ಬೇಲಿ ಕಟ್ಟುವ ಈ ದಾರಿ ಅರೆಮನಸ್ಸಿನದೆನಿಸಿದರೂ ಪರಿಣಾಮಕಾರಿ.

ಭಾರತದಲ್ಲಿ 2018ರ ಡಿಸೆಂಬರಿನಲ್ಲಿ ವಿಮಾನ ಮತ್ತು ಹಡಗುಗಳ ಸಂಪರ್ಕ ನಿಯಮಗಳು ಬಂದವು. ದೇಶದ ಜಲಸೀಮೆಯೊಳಗೆ ಹಡಗಿನಲ್ಲಿ ಕರೆ ಮತ್ತು ಇಂಟರ್ನೆಟ್ ಸೇವೆ ಕೊಡಲು ಪರವಾನಗಿ ಪಡೆಯಬೇಕು, ಸಂವಹನ ಭಾರತದ ನೆಲದ ಮೇಲಿನ ಕೇಂದ್ರದ ಮೂಲಕ ಹಾದುಹೋಗಬೇಕು ಎಂಬುದು ಅವುಗಳ ತಿರುಳು. ಅವು ಪರವಾನಗಿ ಮತ್ತು ಭದ್ರತೆಯ ನಿಯಮಗಳೇ ಹೊರತು ಬಿಲ್ಲಿನವಲ್ಲ. ಪ್ರಯಾಣಿಕನ ಪಾಲಿಗೆ ಉಳಿಯುವುದು ಕಂಪನಿಯ ದರಪಟ್ಟಿ. ಅಂತರರಾಷ್ಟ್ರೀಯ ಪ್ಯಾಕ್ ಕೊಳ್ಳುವವರು ಅದರ ದೇಶಗಳ ಪಟ್ಟಿ ನೋಡಿ ಸಮಾಧಾನಪಡುತ್ತಾರೆ. ಪಟ್ಟಿಯಲ್ಲಿ ಸಿಂಗಪುರ, ಮಲೇಷ್ಯಾ ಎರಡೂ ಇದ್ದರೂ ಅವೆರಡರ ನಡುವೆ ಸಾಗುವ ಹಡಗು ಇರುವುದಿಲ್ಲ. ಹಡಗು ಮತ್ತು ವಿಮಾನಗಳಿಗೆ ಪ್ಯಾಕ್ ಇದ್ದರೆ ಪ್ರತ್ಯೇಕವಾಗಿಯೇ ಇರುತ್ತದೆ, ಮತ್ತು ಅದರಲ್ಲಿ ತಮ್ಮ ಹಡಗಿನ ನೆಟ್‌ವರ್ಕಿನ ಹೆಸರು ಸೇರಿದೆಯೇ ಎಂದು ನೋಡಿಕೊಳ್ಳಬೇಕಾಗುತ್ತದೆ.

ಹಡಗಿನ ವೈಫೈ ಬೇರೆಯದೇ ಲೆಕ್ಕ. ಅದೂ ಅದೇ ಗುಮ್ಮಟದ ಡಿಶ್ಶಿನಿಂದಲೇ ಹೊರಹೋದರೂ ಹಣ ತೆಗೆದುಕೊಳ್ಳುವುದು ಹಡಗಿನ ಕಂಪನಿ, ಅದೂ ಸಾಮಾನ್ಯವಾಗಿ ದಿನಕ್ಕೆ ಇಷ್ಟೆಂದು ಮುಂಗಡವಾಗಿ. ದುಬಾರಿ ಎನಿಸಿದರೂ ಅದಕ್ಕೆ ತಳವಿದೆ. ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ನಂತರ ವೈಫೈ ಒಂದನ್ನೇ ಆನ್ ಮಾಡಿದರೆ 901ರ ಬಾಗಿಲು ಮುಚ್ಚಿರುತ್ತದೆ. ಎರಡು ಸಿಮ್ಮಿನ ಫೋನುಗಳಲ್ಲಿ ಜನ ಒಂದು ಸಿಮ್ಮನ್ನು ಮಾತ್ರ ತಡೆದು ಇನ್ನೊಂದನ್ನು ಮರೆಯುವುದುಂಟು, ಏರ್‌ಪ್ಲೇನ್ ಮೋಡ್ ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಬ್ಯಾಂಕಿನ ಒಟಿಪಿಗಾಗಿ ಮೋಡ್ ತೆಗೆಯಲೇಬೇಕಾದರೆ ಮೊದಲು ಡೇಟಾ ರೋಮಿಂಗ್ ಆಫ್ ಆಗಿದೆಯೇ ಎಂದು ನೋಡುವುದು ಕ್ಷೇಮ.

ಈ ವೈಫೈಯ ಹಿಂದಿರುವ ಉಪಗ್ರಹಗಳು ಕೆಲವೇ ವರ್ಷಗಳಲ್ಲಿ ಬದಲಾಗಿವೆ. ಸ್ಟಾರ್‌ಲಿಂಕ್ 2022ರ ಜುಲೈಯಲ್ಲಿ ಹಡಗುಗಳಿಗೆ ಸೇವೆ ಶುರುಮಾಡಿದಾಗ ತಿಂಗಳಿಗೆ 5,000 ಡಾಲರ್ ಎಂದಿತು. ಮರುತಿಂಗಳು ರಾಯಲ್ ಕೆರಿಬಿಯನ್ ತನ್ನ ಹಡಗುಗಳಿಗೆಲ್ಲ ಅದನ್ನು ಹಾಕಿಸುವುದಾಗಿ ಘೋಷಿಸಿತು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳು ಹತ್ತಿರವಿರುವುದರಿಂದ ಮಾತು ತಡವಾಗುವ ತೊಂದರೆ ಬಹುಮಟ್ಟಿಗೆ ಇಲ್ಲ, ಡೇಟಾವೂ ಧಾರಾಳ. ಒಂದೆಡೆ ನೆಲೆನಿಲ್ಲದೆ ಓಡುತ್ತಿರುವುದರಿಂದ ಒಂದು ಮುಳುಗುವ ಮೊದಲೇ ಇನ್ನೊಂದಕ್ಕೆ ಸಂಪರ್ಕ ದಾಟಿಸಬೇಕು, ಅದಕ್ಕಾಗಿ ಸಾವಿರಾರು ಉಪಗ್ರಹಗಳು ಬೇಕು. ಹಡಗಿನಲ್ಲಿ ಕುಳಿತು ಸಿನಿಮಾ ನೋಡುವುದು ಈಗ ಸಾಧ್ಯ. ಆದರೆ ಅಗ್ಗವಾದದ್ದು ಡಿಶ್ಶಿನ ಆಚೆಗಿನ ದಾರಿ. ಮೊಬೈಲ್ ರೋಮಿಂಗಿನ ದರ ಹುಟ್ಟುವುದು ಎರಡು ಕಂಪನಿಗಳ ಒಪ್ಪಂದದಲ್ಲಿ. ಹಾಗಾಗಿ ಅದೇ ಕ್ಯಾಬಿನ್ನಿನಲ್ಲಿ, ಅದೇ ಫೋಟೋ, ವೈಫೈಯಲ್ಲಿ ಹೋದರೆ ದಿನದ ಪಾಸಿನೊಳಗೆ, 901ರಲ್ಲಿ ಹೋದರೆ ಸಾವಿರದ ಮೇಲೆ ಎಂಬ ವಿಪರೀತ ಉಳಿದುಕೊಂಡಿದೆ.

ಹಡಗನ್ನೇ ಕೆಲಸದ ಜಾಗ ಮಾಡಿಕೊಂಡವರಿಗೆ ಈ ಬದಲಾವಣೆ ಹೆಚ್ಚು ತಟ್ಟಿದೆ. ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಸರಕು ಹಡಗು, ಕ್ರೂಸ್ ಹಡಗುಗಳಿಗೆ ಹೋಗುವವರು ತಿಂಗಳುಗಟ್ಟಲೆ ನೀರಿನ ಮೇಲಿರುತ್ತಾರೆ. ಅವರು ರೋಮಿಂಗಿನ ಗೊಡವೆಗೆ ಹೋಗದೆ ಸಿಬ್ಬಂದಿಯ ವೈಫೈ ಕಾರ್ಡನ್ನೇ ನೆಚ್ಚಿಕೊಂಡವರು. ನಾವಿಕರ ದುಡಿಮೆಯ ಕುರಿತ 2006ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಮಾಡಿದ ತಿದ್ದುಪಡಿ 2024ರ ಡಿಸೆಂಬರ್ 23ರಂದು ಜಾರಿಗೆ ಬಂತು. ಸಾಧ್ಯವಾದಷ್ಟರ ಮಟ್ಟಿಗೆ ಸಿಬ್ಬಂದಿಗೆ ಇಂಟರ್ನೆಟ್ ಸಂಪರ್ಕ ಒದಗಿಸಬೇಕು, ಹಣ ಪಡೆದರೂ ಅದು ನ್ಯಾಯವಾದ ಮೊತ್ತವಾಗಿರಬೇಕು ಎಂದು ಅದು ಹೇಳುತ್ತದೆ.

ಬಿಲ್ ಬಂದೇಬಿಟ್ಟಿದ್ದರೆ ಮೊದಲು ಕೇಳಿ ಪಡೆಯಬೇಕಾದದ್ದು ಅದರ ಪೂರ್ತಿ ವಿವರಪಟ್ಟಿ: ಪ್ರತಿ ಸಾಲಿನಲ್ಲೂ ನೆಟ್‌ವರ್ಕಿನ ಹೆಸರು, ಸಮಯ, ಕೆಬಿ. ಸಮಯ ಭಾರತದ್ದೋ ಗ್ರೀನಿಚ್‌ನದ್ದೋ ಎಂದು ಗಮನಿಸಬೇಕು, ಐದೂವರೆ ಗಂಟೆಯ ವ್ಯತ್ಯಾಸದಲ್ಲಿ ಹಡಗು ಬಂದರಿನಲ್ಲಿದ್ದ ಹೊತ್ತೂ ನಡುಕಡಲಿನ ಹೊತ್ತೂ ಅದಲುಬದಲಾಗಿ ಕಾಣಬಹುದು. ಹಡಗು ಕಟ್ಟೆಯಲ್ಲಿ ನಿಂತಿದ್ದ ಹೊತ್ತಿನಲ್ಲಿ ಅದರ ನೆಟ್‌ವರ್ಕಿನ ದಾಖಲೆಯಿದ್ದರೆ ಅದು ಗಟ್ಟಿಯಾದ ತಕರಾರು. ಸ್ವಾಗತದ ಎಸ್ಸೆಮ್ಮೆಸ್ ಬಂದಿತ್ತೇ, ಬಂದ ಗಳಿಗೆಗೂ ಡೇಟಾ ಹರಿಯಲು ಶುರುವಾದ ಗಳಿಗೆಗೂ ಎಷ್ಟು ಅಂತರ, ಅದರಲ್ಲಿ ಹಡಗಿನ ದರ ನಮೂದಾಗಿತ್ತೇ ಎಂಬುದು ಎರಡನೆಯದು. ದೂರು ಮೊದಲು ಕಂಪನಿಯ ದೂರು ಕೇಂದ್ರಕ್ಕೆ, ಉತ್ತರ ಸಮಾಧಾನ ತರದಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತದೆ. ಒಬ್ಬೊಬ್ಬರ ದೂರನ್ನು ಟ್ರಾಯ್ ಕೈಗೆತ್ತಿಕೊಳ್ಳುವುದಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಬಹುದೇ ಎಂಬ ಬಗ್ಗೆ ಬಹುಕಾಲ ಗೊಂದಲವಿತ್ತು. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ವೇದಿಕೆಗಳು ವಿಚಾರಣೆ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿ ಅದನ್ನು ಬಗೆಹರಿಸಿತು.